ಶಾರ್ಜಾಕ್ಕೆ ಮಾರಿದ ಯಂತ್ರ ಬೇರೆಲ್ಲೂ ಹೋಗದಂತೆ: ರಫ್ತು ಕರಾರಿನಲ್ಲಿ ನಿರ್ಬಂಧ ಮತ್ತು ನಿಯಂತ್ರಣದ ಷರತ್ತುಗಳನ್ನು ಬರೆಯುವ ಕ್ರಮ

ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಯಂತ್ರಗಳನ್ನು ತಯಾರಿಸುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಶಾರ್ಜಾದ ವ್ಯಾಪಾರಿಯೊಬ್ಬರು ಅಲ್ಲಿಂದ ಒಂದು ವರ್ಟಿಕಲ್ ಮಷಿನಿಂಗ್ ಸೆಂಟರ್ ಕೊಳ್ಳಲು ಬಂದಿದ್ದಾರೆ. ಬೆಲೆ 1,10,000 ಡಾಲರ್. ಶೇ. 30 ಮುಂಗಡ, ಉಳಿದದ್ದು ಸರಕು ಹಡಗೇರುವ ಮುನ್ನ. ಯಂತ್ರದ ಸ್ಪಿಂಡಲ್‌ನಲ್ಲಿರುವ ಬೇರಿಂಗುಗಳು ಜರ್ಮನಿಯವು, ಅಳತೆ ಮತ್ತು ನಿಯಂತ್ರಣಕ್ಕೆ ಸಂಬಂಧಿಸಿದ ಕೆಲವು ಭಾಗಗಳು ಅಮೆರಿಕದವು, ಉಳಿದ ಎರಕ, ಜೋಡಣೆ, ಪರೀಕ್ಷೆಯೆಲ್ಲ ಇಲ್ಲಿನದೇ. ಕಾರ್ಖಾನೆಯ ಹತ್ತಿರ ಎರಡು ಪುಟದ ಹಳೆಯ ಕರಾರಿನ ನಮೂನೆಯಿದೆ. ಅದರ ಕೊನೆಯಲ್ಲಿ ‘ಖರೀದಿದಾರರು ಅನ್ವಯವಾಗುವ ಎಲ್ಲ ಕಾನೂನುಗಳನ್ನು ಪಾಲಿಸತಕ್ಕದ್ದು’ ಎಂಬ ಒಂದೇ ಸಾಲು ಇದೆ.

ಆ ಒಂದು ಸಾಲು ಯಾಕೆ ಸಾಲದು ಎನ್ನುವುದರಿಂದಲೇ ಕೆಲಸ ಶುರುವಾಗಬೇಕು. ಭಾರತವು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ವಿಧಿಸಿದ ನಿರ್ಬಂಧಗಳನ್ನು ಮಾತ್ರ ತನ್ನ ಕಾನೂನಾಗಿ ಜಾರಿಗೊಳಿಸುತ್ತದೆ. ಅಮೆರಿಕವೋ ಯುರೋಪಿಯನ್ ಒಕ್ಕೂಟವೋ ತಾವಾಗಿ ಹೇರಿದ ನಿರ್ಬಂಧಗಳು ಇಲ್ಲಿಯ ಕಾನೂನಲ್ಲ, ಶಾರ್ಜಾದ ಕಾನೂನೂ ಅಲ್ಲ. ಆದ್ದರಿಂದ ಆ ವ್ಯಾಪಾರಿ ಯಂತ್ರವನ್ನು ರಷ್ಯಾಕ್ಕೆ ಮಾರಿದರೆ ‘ಅನ್ವಯವಾಗುವ ಕಾನೂನನ್ನು’ ಅವರು ಮುರಿದಿಲ್ಲವೆಂದು ವಾದಿಸಲು ಧಾರಾಳವಾಗಿ ಅವಕಾಶವಿದೆ. ಆದರೆ ಪೀಣ್ಯದ ಕಾರ್ಖಾನೆ ಅದರಿಂದ ಜರ್ಮನ್ ಬೇರಿಂಗಿನ ಸರಬರಾಜನ್ನು ಕಳೆದುಕೊಳ್ಳಬಹುದು, ಡಾಲರ್ ಪಾವತಿಗಳು ಬ್ಯಾಂಕಿನಲ್ಲಿ ಸಿಲುಕಬಹುದು, ಇನ್ನೂ ಕೆಟ್ಟ ಸ್ಥಿತಿಯಲ್ಲಿ ಅದರ ಹೆಸರೇ ಅಮೆರಿಕದ ನಿರ್ಬಂಧಿತರ ಪಟ್ಟಿಯಲ್ಲಿ ಸೇರಬಹುದು. 2024ರಲ್ಲಿ ಹಲವು ಭಾರತೀಯ ಕಂಪನಿಗಳಿಗೆ ಹೀಗೆಯೇ ಆಗಿದೆ. ಕಾನೂನು ಮುರಿಯದೆಯೂ ನಷ್ಟವಾಗಬಲ್ಲ ಈ ಅಂತರವನ್ನು ಕರಾರೇ ತುಂಬಬೇಕು.

ಮೊದಲ ಹೆಜ್ಜೆ: ಈ ಯಂತ್ರವನ್ನು ಯಾವ ಯಾವ ನಿಯಮ ಹಿಡಿದಿದೆ ಎಂದು ಗುರುತಿಸುವುದು

ಷರತ್ತು ಬರೆಯಲು ಕೂರುವ ಮುನ್ನ ಒಂದು ಹಾಳೆಯಲ್ಲಿ ಯಂತ್ರದ ಜಾತಕ ಬರೆದುಕೊಳ್ಳಬೇಕು. ಮೊದಲನೆಯದು ನಮ್ಮದೇ ಸ್ಕೋಮೆಟ್ ಪಟ್ಟಿ. ನಾಗರಿಕ ಬಳಕೆಗೂ ಸೈನಿಕ ಬಳಕೆಗೂ ಒದಗುವ ವಸ್ತು, ಉಪಕರಣ, ತಂತ್ರಜ್ಞಾನಗಳ ಈ ಪಟ್ಟಿಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಪ್ರಕಟಿಸುತ್ತದೆ. ಪಟ್ಟಿಯಲ್ಲಿರುವುದನ್ನು ರಫ್ತು ಮಾಡಲು ಅದರ ಅನುಮತಿ ಬೇಕು. 2017ರ ಡಿಸೆಂಬರಿನಲ್ಲಿ ಭಾರತ ಸೇರಿದ, ಇಂಥ ಸರಕಿನ ರಫ್ತನ್ನು ಒಟ್ಟಾಗಿ ನಿಯಂತ್ರಿಸುವ ದೇಶಗಳ ಕೂಟವಾದ ವಾಸೆನಾರ್ ವ್ಯವಸ್ಥೆಯ ಪಟ್ಟಿ ಇದರ ಎಂಟನೇ ವರ್ಗದಲ್ಲಿ ಅಡಕವಾಗಿದೆ.

ಯಂತ್ರೋಪಕರಣಗಳ ವಿಷಯದಲ್ಲಿ ಆ ವರ್ಗ ಕೇಳುವ ಪ್ರಶ್ನೆಗಳು ತಾಂತ್ರಿಕವಾದವು, ಅವಕ್ಕೆ ವಕೀಲರು ಉತ್ತರಿಸಲಾರರು. ಎಷ್ಟು ಅಕ್ಷಗಳು ಒಟ್ಟಿಗೆ ಚಲಿಸಿ ಆಕಾರವನ್ನು ಕೊರೆಯುತ್ತವೆ, ಒಂದೇ ದಿಕ್ಕಿನಿಂದ ಮತ್ತೆ ಮತ್ತೆ ಅದೇ ಬಿಂದುವಿಗೆ ಬರುವಾಗ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದೇ ಅಲ್ಲಿ ಮುಖ್ಯ. ಮಿಲ್ಲಿಂಗ್ ಯಂತ್ರದಲ್ಲಿ ಮೂರು ನೇರ ಅಕ್ಷಗಳ ಜೊತೆ ಒಂದು ತಿರುಗುವ ಅಕ್ಷವೂ ಏಕಕಾಲಕ್ಕೆ ಕೆಲಸ ಮಾಡುವಂತಿದ್ದು, ಒಂದು ಮೀಟರಿಗಿಂತ ಕಡಿಮೆ ಓಟದ ನೇರ ಅಕ್ಷದ ಮೇಲೆ ಈ ವ್ಯತ್ಯಾಸ 0.9 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಆ ಯಂತ್ರ ನಿಯಂತ್ರಣಕ್ಕೆ ಒಳಪಡುತ್ತದೆ. ನಮ್ಮ ಉದಾಹರಣೆಯ ಯಂತ್ರಕ್ಕೆ ಮೂರೇ ಅಕ್ಷಗಳಿರುವುದರಿಂದ ಈ ನಿರ್ದಿಷ್ಟ ನಮೂದಿಗೆ ಅದು ಬರುವುದಿಲ್ಲ. ಪರಮಾಣು ಸಂಬಂಧಿತ ನಮೂದುಗಳು ಬೇರೆ ಅಳತೆಗೋಲು ಹಿಡಿಯುವುದರಿಂದ ಅವನ್ನೂ ಪ್ರತ್ಯೇಕವಾಗಿ ನೋಡಿಯೇ ‘ಸ್ಕೋಮೆಟ್ ಅಲ್ಲ’ ಎಂದು ಬರೆಯಬೇಕು. ಇಲ್ಲೊಂದು ಬಲೆಯೂ ಇದೆ. ಆರ್ಡರ್ ಕೊಟ್ಟ ಎರಡು ತಿಂಗಳ ಮೇಲೆ ವ್ಯಾಪಾರಿ ‘ಒಂದು ರೋಟರಿ ಟೇಬಲ್ ಕೂಡ ಸೇರಿಸಿ ಕಳಿಸಿ’ ಎಂದು ಇಮೇಲ್ ಹಾಕುತ್ತಾರೆ. ಮಾರಾಟ ವಿಭಾಗಕ್ಕೆ ಅದು ಹೆಚ್ಚುವರಿ ಆದಾಯ. ಆದರೆ ನಾಲ್ಕನೆಯ ಅಕ್ಷ ಸೇರಿದ ಕೂಡಲೇ ಯಂತ್ರದ ವರ್ಗೀಕರಣವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಆದ್ದರಿಂದ ‘ತಾಂತ್ರಿಕ ವಿವರದಲ್ಲಿ ಯಾವುದೇ ಬದಲಾವಣೆಯಾದರೆ ಮಾರಾಟಗಾರರು ಹೊಸದಾಗಿ ವರ್ಗೀಕರಣ ಮಾಡಿ ಲಿಖಿತ ಒಪ್ಪಿಗೆ ಕೊಡುವವರೆಗೆ ಅದು ಕರಾರಿನ ಭಾಗವಾಗುವುದಿಲ್ಲ’ ಎಂಬ ಮಾತು ಕರಾರಿನ ಆರಂಭದಲ್ಲೇ ಇರಬೇಕು.

ಎರಡನೆಯದು ಜರ್ಮನ್ ಬೇರಿಂಗ್. ಯುರೋಪಿಯನ್ ಒಕ್ಕೂಟದ 833/2014ನೇ ನಿಯಮಾವಳಿಯ 12ಜಿ ವಿಧಿಯ ಪ್ರಕಾರ, ಕೆಲವು ವರ್ಗದ ಸರಕನ್ನು ಭಾರತದಂಥ ಮೂರನೇ ದೇಶಕ್ಕೆ ಮಾರುವ ಯುರೋಪಿನ ರಫ್ತುದಾರರು ಅದನ್ನು ರಷ್ಯಾಕ್ಕೆ ಮರುರಫ್ತು ಮಾಡಬಾರದೆಂದು ಕರಾರಿನಲ್ಲೇ ನಿಷೇಧಿಸಬೇಕು. 2024ರ ಮಾರ್ಚ್ 20ರಿಂದ ಇದು ಜಾರಿಯಲ್ಲಿದೆ. ಉಕ್ರೇನಿನ ಯುದ್ಧಭೂಮಿಯಲ್ಲಿ ಸಿಕ್ಕ ರಷ್ಯಾದ ಶಸ್ತ್ರಗಳಲ್ಲಿ ಬಳಕೆಯಾದದ್ದು ಮತ್ತು ಅವನ್ನು ತಯಾರಿಸಲು ಬೇಕಾದದ್ದು ಎಂದು ಗುರುತಿಸಿ ಯುರೋಪ್, ಅಮೆರಿಕ, ಬ್ರಿಟನ್, ಜಪಾನುಗಳು ಒಟ್ಟಾಗಿ ಮಾಡಿದ 50 ಕಸ್ಟಮ್ಸ್ ಶೀರ್ಷಿಕೆಗಳ ಆದ್ಯತಾ ಪಟ್ಟಿಯಲ್ಲಿ ಬಾಲ್ ಬೇರಿಂಗಿನ 8482.10 ಕೂಡ ಇದೆ, ಮಷಿನಿಂಗ್ ಸೆಂಟರಿನ 8457.10 ಕೂಡ ಇದೆ. ಬೇರಿಂಗ್ ಕೊಳ್ಳುವಾಗ ಕಾರ್ಖಾನೆಯ ಖರೀದಿ ವಿಭಾಗದವರು ಸಹಿ ಹಾಕಿ ಕಳಿಸಿದ ಕಾಗದದಲ್ಲಿ ಈ ನಿಷೇಧ ಈಗಾಗಲೇ ಇರುವ ಸಾಧ್ಯತೆ ಹೆಚ್ಚು. ಆ ಕಾಗದವನ್ನು ಹುಡುಕಿ ಓದಬೇಕು. ನಿಷೇಧ ಬಿಡಿ ಬೇರಿಂಗಿಗೆ ಮಾತ್ರವೋ ಅಥವಾ ಅದನ್ನು ಕೂರಿಸಿದ ಯಂತ್ರಕ್ಕೂ ತಟ್ಟುತ್ತದೆಯೋ ಎಂಬುದು ಅಲ್ಲಿ ಬಳಸಿದ ಪದಗಳನ್ನು ಅವಲಂಬಿಸಿದೆ. ಸ್ಪಷ್ಟವಿಲ್ಲದಿದ್ದರೆ ಸರಬರಾಜುದಾರರಿಗೆ ಬರೆದು ಉತ್ತರ ಪಡೆದು ಫೈಲಿನಲ್ಲಿಡುವುದು ಒಳ್ಳೆಯದು.

ಮೂರನೆಯದು ಅಮೆರಿಕದ ಭಾಗಗಳು. ಬೇರೆ ದೇಶದಲ್ಲಿ ತಯಾರಾದ ವಸ್ತುವಿನಲ್ಲಿ ಅಮೆರಿಕ ಮೂಲದ ನಿಯಂತ್ರಿತ ಭಾಗಗಳ ಮೌಲ್ಯ ಸಾಮಾನ್ಯವಾಗಿ ಶೇ. 25ನ್ನು ಮೀರಿದರೆ, ಇರಾನ್, ಕ್ಯೂಬಾ, ಉತ್ತರ ಕೊರಿಯಾಗಳಿಗೆ ಹೋಗುವುದಾದರೆ ಶೇ. 10ನ್ನು ಮೀರಿದರೆ, ಆ ವಸ್ತುವಿನ ಮೇಲೂ ಅಮೆರಿಕದ ರಫ್ತು ನಿಯಮ ಹಿಡಿತ ಸಾಧಿಸುತ್ತದೆ. ನಮ್ಮ ಯಂತ್ರದಲ್ಲಿ ಅಂಥ ಭಾಗಗಳ ಮೌಲ್ಯ 14,000 ಡಾಲರ್ ಎಂದಿಟ್ಟುಕೊಂಡರೆ 1,10,000ಕ್ಕೆ ಅದು ಸುಮಾರು ಶೇ. 12.7 ಆಗುತ್ತದೆ. ಅಂದರೆ ಶಾರ್ಜಾದಲ್ಲೇ ಉಳಿಯುವವರೆಗೆ ಈ ಲೆಕ್ಕದಲ್ಲಿ ತೊಂದರೆಯಿಲ್ಲ, ಕೊಲ್ಲಿ ದಾಟಿ ಇರಾನಿಗೆ ಹೋದರೆ ಅಮೆರಿಕದ ಪರವಾನಗಿ ಬೇಕಾಗುತ್ತದೆ. ಅಮೆರಿಕದ ತಂತ್ರಜ್ಞಾನದಿಂದ ಹೊರಗೆ ತಯಾರಾದ ಉತ್ಪನ್ನಗಳ ಬಗ್ಗೆ ಬೇರೆ ನಿಯಮವೂ ಇರುವುದರಿಂದ ಶೇಕಡಾವಾರು ಲೆಕ್ಕ ಕಡಿಮೆ ಬಂದ ಮಾತ್ರಕ್ಕೆ ವಿಷಯ ಮುಗಿಯಿತೆಂದು ತಿಳಿಯಬಾರದು. ಯಂತ್ರ ಒಂದೇ ಆದರೂ ಅದು ತಲುಪುವ ಊರಿಗೆ ತಕ್ಕಂತೆ ನಿಯಮ ಬದಲಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಷರತ್ತುಗಳ ಉದ್ದೇಶ ಸ್ಪಷ್ಟವಾಗುತ್ತದೆ.

ಎರಡನೇ ಹೆಜ್ಜೆ: ಕೊಳ್ಳುವವರು ಯಾರು, ಬಳಸುವವರು ಯಾರು

ಇದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಹೆಚ್ಚಿನ ರಫ್ತುದಾರರು ಪಟ್ಟಿಗಳಲ್ಲಿ ಹೆಸರು ಹುಡುಕುವುದನ್ನು ಈಗ ಮಾಡುತ್ತಿದ್ದಾರೆ. ಕಂಪನಿಯ ಹೆಸರನ್ನಷ್ಟೇ ಹುಡುಕಿದರೆ ಸಾಲದು. ಅಮೆರಿಕದ ಖಜಾನೆಯ ನಿಯಮದಂತೆ, ಪಟ್ಟಿಯಲ್ಲಿರುವವರು ಒಬ್ಬರಾಗಿ ಅಥವಾ ಹಲವರು ಸೇರಿ ಶೇ. 50 ಅಥವಾ ಹೆಚ್ಚಿನ ಒಡೆತನ ಹೊಂದಿರುವ ಕಂಪನಿಯು, ಅದರ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ, ನಿರ್ಬಂಧಕ್ಕೆ ಒಳಗಾದಂತೆಯೇ. ಆದ್ದರಿಂದ ಪಾಲುದಾರರ ವಿವರ ಕೇಳಬೇಕು. ವ್ಯಾಪಾರಿ ತಾವೇ ಯಂತ್ರ ಬಳಸುವವರಲ್ಲವಾದರೆ ಅಂತಿಮ ಬಳಕೆದಾರರ ಹೆಸರು, ಯಂತ್ರ ಕೂರುವ ಕಟ್ಟಡದ ವಿಳಾಸ, ಅದರಲ್ಲಿ ಮಾಡುವ ಕೆಲಸ, ಈ ಮೂರೂ ಕರಾರಿನ ಅನುಬಂಧದಲ್ಲಿ ಬರಬೇಕು. ‘ಸ್ಟಾಕಿಗೆ’ ಎಂಬ ಉತ್ತರ ಬೇರಿಂಗಿಗೆ ಒಪ್ಪಬಹುದಾದ ಮಾತು, 1,10,000 ಡಾಲರಿನ ಯಂತ್ರಕ್ಕೆ ಅಲ್ಲ.

ಮೂರನೇ ಹೆಜ್ಜೆ: ಪರವಾನಗಿ ಬರುವವರೆಗೆ ಕರಾರು ಯಾವ ಸ್ಥಿತಿಯಲ್ಲಿರುತ್ತದೆ

ಯಂತ್ರ ಸ್ಕೋಮೆಟ್ ಪಟ್ಟಿಗೆ ಬಂದರೆ ಡಿಜಿಎಫ್‌ಟಿಯ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಜೊತೆಗೆ ಅಂತಿಮ ಬಳಕೆದಾರರು ಸಹಿ ಮಾಡಿದ ಪ್ರಮಾಣಪತ್ರ ಕೊಡಬೇಕು. ಅರ್ಜಿಯನ್ನು ಹಲವು ಸಚಿವಾಲಯಗಳ ಪ್ರತಿನಿಧಿಗಳಿರುವ ಕಾರ್ಯತಂಡ ಪರಿಶೀಲಿಸುತ್ತದೆ. ಅನುಮತಿ ಯಾವಾಗ ಬರುತ್ತದೆ, ಬರುತ್ತದೆಯೇ ಎಂಬುದು ರಫ್ತುದಾರರ ಕೈಯಲ್ಲಿಲ್ಲ. ಹಾಗಿದ್ದೂ ಕರಾರಿನಲ್ಲಿ ‘ಆರ್ಡರ್ ದಿನದಿಂದ 16 ವಾರದೊಳಗೆ ರವಾನೆ, ತಡವಾದರೆ ವಾರಕ್ಕೆ ಶೇ. 1 ದಂಡ’ ಎಂದು ಬರೆದುಕೊಟ್ಟವರನ್ನು ನಾನು ಕಂಡಿದ್ದೇನೆ.

ಭಾರತೀಯ ಕರಾರು ಕಾಯ್ದೆ, 1872 ಇದಕ್ಕೆ ಹಳೆಯದಾದರೂ ಹರಿತವಾದ ಸಾಧನ ಕೊಡುತ್ತದೆ. ಮುಂದೆ ನಡೆಯಬಹುದಾದ, ಆದರೆ ಖಚಿತವಲ್ಲದ ಘಟನೆಯನ್ನು ಅವಲಂಬಿಸಿದ ಕರಾರನ್ನು ಆ ಘಟನೆ ನಡೆಯುವವರೆಗೆ ಜಾರಿಗೊಳಿಸಲಾಗದು ಎಂದು 32ನೇ ಕಲಮು ಹೇಳುತ್ತದೆ. ನಿಗದಿತ ಅವಧಿಯೊಳಗೆ ಆ ಘಟನೆ ನಡೆಯದಿದ್ದರೆ ಕರಾರು ಶೂನ್ಯವಾಗುತ್ತದೆ ಎಂದು 35ನೇ ಕಲಮು ಹೇಳುತ್ತದೆ. ಈ ಎರಡನ್ನೂ ನಂಬಿ ಷರತ್ತನ್ನು ಹೀಗೆ ಕಟ್ಟಬಹುದು. ಕರಾರು ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲಿ ಕೊಡುತ್ತಿರುವುದು ಅದರಲ್ಲಿ ಇರಬೇಕಾದ ಅರ್ಥ.

‘ಯಂತ್ರ ಒಪ್ಪಿಸುವ ಮಾರಾಟಗಾರರ ಬಾಧ್ಯತೆಯು ಭಾರತ ಸರ್ಕಾರದ ರಫ್ತು ಅನುಮತಿ ದೊರೆಯುವುದನ್ನು ಅವಲಂಬಿಸಿದೆ. ಖರೀದಿದಾರರಿಂದ ಸಂಪೂರ್ಣ ದಾಖಲೆ ಬಂದ 15 ದಿನದೊಳಗೆ ಮಾರಾಟಗಾರರು ಅರ್ಜಿ ಸಲ್ಲಿಸತಕ್ಕದ್ದು. ರವಾನೆಯ ಅವಧಿಯು ಅನುಮತಿ ದೊರೆತ ದಿನದಿಂದ ಆರಂಭವಾಗುತ್ತದೆ. ದಾಖಲೆ ಬಂದ ದಿನದಿಂದ 180 ದಿನದೊಳಗೆ ಅನುಮತಿ ದೊರೆಯದಿದ್ದರೆ ಕರಾರು ಕೊನೆಗೊಳ್ಳುತ್ತದೆ, ಮುಂಗಡವನ್ನು ಅನುಬಂಧದಲ್ಲಿ ತೋರಿಸಿದ ವೆಚ್ಚ ಕಳೆದು 30 ದಿನದೊಳಗೆ ಮರಳಿಸಲಾಗುತ್ತದೆ, ಅದರಾಚೆಗೆ ಯಾರಿಗೂ ಯಾವ ಹಕ್ಕೂ ಇರುವುದಿಲ್ಲ.’

ಇದರಲ್ಲಿ ಗಮನಿಸಬೇಕಾದದ್ದು ಎರಡು. ಅರ್ಜಿ ಹಾಕುವ ಹೊಣೆ ಮಾರಾಟಗಾರರದೇ ಎಂದು ಬರೆದದ್ದು ಔದಾರ್ಯದಿಂದಲ್ಲ. ಅರ್ಜಿಯನ್ನೇ ಹಾಕದೆ ಕೂತು ‘ಅನುಮತಿ ಬರಲಿಲ್ಲ’ ಎಂದವರಿಗೆ ವ್ಯಾಜ್ಯ ತೀರಿಸಲು ಕೂರುವ ಯಾವ ಪಂಚಾಯ್ತಿದಾರರೂ ಈ ಷರತ್ತಿನ ಆಸರೆ ಕೊಡುವುದಿಲ್ಲ. ಇನ್ನು ಮುಂಗಡದ ಬಗ್ಗೆ ಏನೂ ಬರೆಯದಿದ್ದರೆ 65ನೇ ಕಲಮಿನಂತೆ, ಶೂನ್ಯವಾದ ಕರಾರಿನಡಿ ಪಡೆದ ಲಾಭವನ್ನು ಮರಳಿಸಬೇಕಾಗುತ್ತದೆ. ಅಷ್ಟರಲ್ಲಿ ಎರಕ ಹೊಯ್ದು ಬೇರಿಂಗ್ ತರಿಸಿ ಖರ್ಚು ಮಾಡಿದ ಹಣವನ್ನು ಮುರಿದುಕೊಳ್ಳುವ ಹಕ್ಕು ಕಾಗದದಲ್ಲಿ ಇರಲೇಬೇಕು.

ಇದೇ ಹೆಜ್ಜೆಯಲ್ಲಿ, ಸಾಗಣೆಯ ಖರ್ಚು ಮತ್ತು ಹೊಣೆಯನ್ನು ಇಬ್ಬರ ನಡುವೆ ಹಂಚುವ ಅಂತರರಾಷ್ಟ್ರೀಯ ವ್ಯಾಪಾರ ಪದಗಳಾದ ಇನ್‌ಕೋಟರ್ಮ್ಸ್ ಆಯ್ಕೆಯನ್ನೂ ನೋಡಬೇಕು. ಎಕ್ಸ್‌-ವರ್ಕ್ಸ್, ಅಂದರೆ ಕಾರ್ಖಾನೆಯ ಬಾಗಿಲಲ್ಲೇ ಒಪ್ಪಿಸುವುದು, ಎಂದು ಬರೆದರೆ ರಫ್ತಿನ ಕಸ್ಟಮ್ಸ್ ಕೆಲಸ ಖರೀದಿದಾರರ ತಲೆಗೆ ಹೋಗುತ್ತದೆ. ಕೇಳಲು ಹಿತವೆನಿಸಿದರೂ ಇದು ಅಪಾಯದ ದಾರಿ: ಭಾರತದ ಕಾನೂನಿನ ಕಣ್ಣಿಗೆ ರಫ್ತುದಾರರು ನೀವೇ ಆಗಿರುತ್ತೀರಿ, ಯಂತ್ರ ಮಾತ್ರ ಅವರ ಸಾಗಣೆ ಏಜೆಂಟರಾದ ಫಾರ್ವರ್ಡರ್ ಕೈಯಲ್ಲಿ ಅವರಿಗೆ ತೋಚಿದ ಬಂದರಿಗೆ ಹೋಗುತ್ತಿರುತ್ತದೆ. ಇಂಥ ಯಂತ್ರಗಳಿಗೆ ಸಾಗಣೆಯನ್ನು ಮಾರಾಟಗಾರರೇ ಗೊತ್ತುಮಾಡುವ ಸಿಐಪಿ ಅಥವಾ ಸಿಪಿಟಿ ಹಿಡಿದು, ತಲುಪುವ ಜಾಗವನ್ನು ‘ಶಾರ್ಜಾ ಬಂದರು’ ಎಂದು ಬಿಡದೆ ಅಂತಿಮ ಬಳಕೆದಾರರ ಕಾರ್ಖಾನೆಯ ವಿಳಾಸವಾಗಿ ಬರೆಯಲು ನಾನು ಹೇಳುತ್ತೇನೆ. ಸಾಗಣೆಯ ಖರ್ಚು ಬೆಲೆಯಲ್ಲಿ ಸೇರಿಕೊಳ್ಳುತ್ತದೆ, ಯಂತ್ರ ಎಲ್ಲಿ ಇಳಿಯಿತು ಎನ್ನುವುದಕ್ಕೆ ನಿಮ್ಮದೇ ಫಾರ್ವರ್ಡರ್ ಕೊಟ್ಟ ಕಾಗದ ಉಳಿಯುತ್ತದೆ.

ನಾಲ್ಕನೇ ಹೆಜ್ಜೆ: ಮರುರಫ್ತಿನ ವಾಗ್ದಾನ

ಇಡೀ ಕರಾರಿನ ಹೃದಯ ಇಲ್ಲಿದೆ, ಹೆಚ್ಚು ನಕಲು ಹೊಡೆಯುವುದೂ ಇಲ್ಲೇ. ಯುರೋಪಿನ ಸರಬರಾಜುದಾರರು ಕಳಿಸಿದ ಷರತ್ತನ್ನು ಹೆಸರು ಮಾತ್ರ ಬದಲಿಸಿ ಶಾರ್ಜಾದ ಕರಾರಿಗೆ ಅಂಟಿಸುತ್ತಾರೆ. ಯುರೋಪಿಯನ್ ಆಯೋಗ ಪ್ರಕಟಿಸಿದ ಮಾದರಿ ಷರತ್ತು ಚೆನ್ನಾಗಿಯೇ ಇದೆ. ಆದರೆ ಅದು ಸರಪಳಿಯ ಮೊದಲ ಕೊಂಡಿಗಾಗಿ ಬರೆದದ್ದು. ಪೀಣ್ಯದವರು ಮಧ್ಯದ ಕೊಂಡಿ. ಮಧ್ಯದಲ್ಲಿರುವವರು ಮೇಲಿನವರಿಗೆ ಕೊಟ್ಟ ಮಾತು, ಕೆಳಗಿನವರಿಂದ ಪಡೆದ ಮಾತು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಬೇಕು.

ಆ ಮಾದರಿಯಲ್ಲಿ ಖರೀದಿದಾರರು ನಾಲ್ಕು ಮಾತು ಕೊಡುತ್ತಾರೆ: ಸರಕನ್ನು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ರಷ್ಯಾಕ್ಕೆ ಅಥವಾ ರಷ್ಯಾದಲ್ಲಿ ಬಳಸಲು ಮಾರುವುದಿಲ್ಲ, ಮುಂದೆ ಕೊಳ್ಳುವವರೂ ಇದನ್ನು ಮುರಿಯದಂತೆ ಶಕ್ತಿಮೀರಿ ಪ್ರಯತ್ನಿಸುತ್ತೇವೆ, ಅಂಥದ್ದನ್ನು ಪತ್ತೆಹಚ್ಚುವ ವ್ಯವಸ್ಥೆ ಇಟ್ಟುಕೊಳ್ಳುತ್ತೇವೆ, ಕೇಳಿದ ಎರಡು ವಾರದೊಳಗೆ ಮಾಹಿತಿ ಒದಗಿಸುತ್ತೇವೆ. ಈ ಕೊನೆಯ ಎರಡು ವಾರವನ್ನೇ ನೋಡಿ. ಜರ್ಮನಿಯವರು ನಿಮ್ಮನ್ನು ಕೇಳಿದ 14 ದಿನದಲ್ಲಿ ಉತ್ತರ ಕೊಡಬೇಕು. ಶಾರ್ಜಾದವರಿಗೂ ನೀವು 14 ದಿನವೇ ಕೊಟ್ಟಿದ್ದರೆ, ಅವರು ಕೊನೆಯ ದಿನ ಉತ್ತರಿಸಿದರೂ ಕರಾರು ಮುರಿದವರು ನೀವು. ಅವರಿಗೆ 7 ದಿನ ಕೊಡಬೇಕು. ಶಾರ್ಜಾದವರ ಕೆಳಗೆ ಅಂತಿಮ ಬಳಕೆದಾರರು ಬೇರೆ ಇದ್ದರೆ ಅವರಿಗೆ 3 ದಿನವೇ ಉಳಿಯುವುದರಿಂದ, ಮಾಹಿತಿ ಕೇಳುವ ಹಕ್ಕು ನಿಮಗೆ ನೇರವಾಗಿ ಅವರ ಮೇಲೆಯೇ ಇರುವಂತೆ ಅಂತಿಮ ಬಳಕೆದಾರರ ಘೋಷಣೆಯಲ್ಲಿ ಒಂದು ಸಾಲು ಸೇರಿಸುವುದು ಮೇಲು.

ಇನ್ನೊಂದು ವಿಷಯ ಪ್ರದೇಶ. ಮಾದರಿ ಷರತ್ತು ರಷ್ಯಾವನ್ನು ಹೆಸರಿಸುತ್ತದೆ. ಬೆಲಾರುಸ್‌ಗೆ ಸಂಬಂಧಿಸಿದ 765/2006ನೇ ನಿಯಮಾವಳಿಯಲ್ಲೂ ಇಂಥದ್ದೇ ಬಾಧ್ಯತೆಯಿದೆ. ನಮ್ಮ ಯಂತ್ರಕ್ಕೆ ಅಮೆರಿಕದ ಭಾಗಗಳ ಕಾರಣದಿಂದ ಇರಾನ್, ಕ್ಯೂಬಾ, ಉತ್ತರ ಕೊರಿಯಾಗಳೂ ಸೇರಬೇಕು. ಭಾರತದ ಕಾನೂನಿನ ಮಟ್ಟಿಗೆ, ಸಾಮೂಹಿಕ ವಿನಾಶದ ಶಸ್ತ್ರಗಳ ಕುರಿತ 2005ರ ಕಾಯ್ದೆಯು ಅಂಥ ಬಳಕೆಯೆಂದು ತಿಳಿದೂ ಮಾಡುವ ರಫ್ತನ್ನು ನಿಷೇಧಿಸುತ್ತದೆ. ಆದ್ದರಿಂದ ಪ್ರದೇಶದ ಜೊತೆಗೆ ಬಳಕೆಯ ನಿಷೇಧವೂ ಬೇಕು: ಪರಮಾಣು, ರಾಸಾಯನಿಕ, ಜೈವಿಕ ಶಸ್ತ್ರ ಮತ್ತು ಅವನ್ನು ಹೊತ್ತೊಯ್ಯುವ ಕ್ಷಿಪಣಿಗಳ ಕೆಲಸಕ್ಕೆ ಯಂತ್ರವನ್ನು ಯಾವ ದೇಶದಲ್ಲೂ ಬಳಸತಕ್ಕದ್ದಲ್ಲ.

ದೇಶಗಳನ್ನು ಹೆಸರಿಸಿ ಬರೆಯುವುದು ಒಳ್ಳೆಯದೋ ‘ನಿರ್ಬಂಧಕ್ಕೆ ಒಳಗಾದ ಯಾವುದೇ ದೇಶ’ ಎಂದು ಬರೆಯುವುದು ಒಳ್ಳೆಯದೋ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ನನ್ನ ಮಟ್ಟಿಗೆ ಹೆಸರಿಸುವುದೇ ಸರಿ. ಯಾರ ನಿರ್ಬಂಧ, ಯಾವ ದಿನದ್ದು ಎಂದು ವಾದಿಸುವುದಕ್ಕೆ ಅವಕಾಶ ಉಳಿಯಬಾರದು. ಪಟ್ಟಿ ಬದಲಾದಾಗ ಲಿಖಿತ ಸೂಚನೆ ಕೊಟ್ಟು ಅನುಬಂಧವನ್ನು ತಿದ್ದುವ ಅಧಿಕಾರವನ್ನು ಮಾರಾಟಗಾರರಿಗೆ ಕೊಟ್ಟರೆ ಸಾಕು. ವಾಕ್ಯ ಹೀಗಿರಬಹುದು: ‘ಅನುಬಂಧದಲ್ಲಿ ಹೆಸರಿಸಿದ ದೇಶಗಳ ನಿರ್ಬಂಧಗಳು ಖರೀದಿದಾರರಿಗೆ ಕಾನೂನಾಗಿ ಅನ್ವಯವಾಗಲಿ ಬಿಡಲಿ, ಯಂತ್ರವನ್ನು, ಅದರ ಬಿಡಿಭಾಗವನ್ನು ಅಥವಾ ತಂತ್ರಾಂಶವನ್ನು ಆ ದೇಶಗಳಿಗೆ ಮಾರುವುದಾಗಲಿ ಸಾಗಿಸುವುದಾಗಲಿ ಬಾಡಿಗೆಗೆ ಕೊಡುವುದಾಗಲಿ ಮಾಡತಕ್ಕದ್ದಲ್ಲ. ಅನುಬಂಧದಲ್ಲಿ ತೋರಿಸಿದ ವಿಳಾಸದಿಂದ ಯಂತ್ರವನ್ನು ಕದಲಿಸುವ ಮುನ್ನ ಮಾರಾಟಗಾರರ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.’ ‘ಅನ್ವಯವಾಗಲಿ ಬಿಡಲಿ’ ಎಂಬ ಮಾತು, ಆರಂಭದಲ್ಲಿ ಹೇಳಿದ ಅಂತರವನ್ನು ಮುಚ್ಚುತ್ತದೆ. ಇದನ್ನು ಪಾಲಿಸಬೇಕಾದದ್ದು ಅಮೆರಿಕದ ಕಾನೂನು ಹೇಳಿತೆಂದಲ್ಲ, ಖರೀದಿದಾರರು ಒಪ್ಪಿ ಸಹಿ ಮಾಡಿದರೆಂದು.

ಖರೀದಿದಾರರು ಜರ್ಮನಿಯವರಾಗಿದ್ದರೆ ಮಾತ್ರ ಇದೇ ವಾಕ್ಯ ತೊಡಕು ತರಬಹುದು. ವಿದೇಶಿ ಬಹಿಷ್ಕಾರದಲ್ಲಿ ಭಾಗವಹಿಸುವ ಘೋಷಣೆ ಕೊಡುವುದನ್ನು ಜರ್ಮನಿಯ ವಿದೇಶ ವ್ಯಾಪಾರ ನಿಯಮ ಹಲವು ಸಂದರ್ಭಗಳಲ್ಲಿ ತಡೆಯುತ್ತದೆ. ಇರಾನ್ ಮತ್ತು ಕ್ಯೂಬಾಗಳ ಮೇಲಿನ ಕೆಲವು ಅಮೆರಿಕನ್ ನಿರ್ಬಂಧಗಳನ್ನು ಪಾಲಿಸಬಾರದೆಂದು ಯುರೋಪಿಯನ್ ಒಕ್ಕೂಟದ 2271/96ನೇ ನಿಯಮಾವಳಿಯೂ ಹೇಳುತ್ತದೆ. ಅಂಥ ಕರಾರಿನಲ್ಲಿ ಯುರೋಪಿನ ನಿಯಮಗಳನ್ನಷ್ಟೇ ಆಧಾರವಾಗಿ ಇಟ್ಟುಕೊಂಡು, ಉಳಿದದ್ದನ್ನು ಅಂತಿಮ ಬಳಕೆಯ ವಿಳಾಸದ ಷರತ್ತಿಗೆ ಬಿಡುವುದು ವಾಸಿ.

ಐದನೇ ಹೆಜ್ಜೆ: ಯಾವಾಗ ನಿಲ್ಲಿಸಬಹುದು ಎಂಬುದರ ಪದಗಳು

ಯಂತ್ರ ಸಿದ್ಧವಾಗಿ ಪ್ಯಾಕ್ ಆಗಿದೆ. ಆಗ ಅಂತಿಮ ಬಳಕೆದಾರ ಕಂಪನಿಯ ಪಾಲುದಾರರೊಬ್ಬರ ಹೆಸರು ಅಮೆರಿಕದ ಪಟ್ಟಿಗೆ ಸೇರಿದೆ ಎಂದು ಬ್ಯಾಂಕಿನವರು ಹೇಳುತ್ತಾರೆ. ಪಾಲು ಶೇ. 50ಕ್ಕಿಂತ ಕಡಿಮೆ. ಅಂದರೆ ಕಟ್ಟುನಿಟ್ಟಾಗಿ ನಿಷೇಧವಿಲ್ಲ, ಆದರೂ ಬ್ಯಾಂಕು ಹಣ ಸ್ವೀಕರಿಸಲು ಹಿಂಜರಿಯುತ್ತಿದೆ. ರವಾನೆ ನಿಲ್ಲಿಸುವ ಹಕ್ಕು ನಿಮಗಿದೆಯೇ?

ಉತ್ತರ ಒಂದು ಕ್ರಿಯಾಪದದ ಮೇಲೆ ನಿಂತಿರಬಹುದು. ರಷ್ಯಾದಿಂದ ಇರಾನಿಗೆ ಹೋಗುತ್ತಿದ್ದ ಉಕ್ಕಿನ ವಿಮೆಯ ಕುರಿತು 2018ರಲ್ಲಿ ಇಂಗ್ಲೆಂಡಿನ ಹೈಕೋರ್ಟಿನ ಮುಂದೆ ಬಂದ ಮಾಮನ್‌ಕೋಚೆ ಮೈನಿಂಗ್ ಪ್ರಕರಣದಲ್ಲಿ, ಪಾವತಿಯು ವಿಮೆದಾರರನ್ನು ನಿರ್ಬಂಧಕ್ಕೆ ‘ಒಡ್ಡಿದರೆ’ ಹೊಣೆಯಿಲ್ಲ ಎಂದು ಷರತ್ತು ಹೇಳುತ್ತಿತ್ತು. ಒಡ್ಡುವುದೆಂದರೆ ಪಾವತಿ ಕಾನೂನಿನಲ್ಲಿ ನಿಷಿದ್ಧವಾಗಿರಬೇಕು, ನಿರ್ಬಂಧ ಹೇರಬಹುದೆಂಬ ಆತಂಕ ಸಾಲದು ಎಂದು ನ್ಯಾಯಾಲಯ ಹೇಳಿತು. ನಿಮ್ಮ ಕರಾರಿಗೆ ಇಂಗ್ಲಿಷ್ ಕಾನೂನು ಅನ್ವಯವಾಗುವುದಾದರೆ, ‘ಒಡ್ಡುವ’ ಎಂದಷ್ಟೇ ಬರೆದ ಷರತ್ತು ಮೇಲಿನ ಸನ್ನಿವೇಶದಲ್ಲಿ ನಿಮ್ಮ ಕೈ ಹಿಡಿಯದೆ ಹೋಗಬಹುದು. ಅದಕ್ಕಾಗಿ ಎರಡು ಬೇರೆ ಬೇರೆ ಹಂತ ಬರೆಯಬೇಕು: ನಿಷೇಧವಿದ್ದರೆ ಕರಾರು ಕೊನೆಗೊಳಿಸುವ ಹಕ್ಕು, ನಿಷೇಧವಿಲ್ಲದೆ ಮಾರಾಟಗಾರರ ಬ್ಯಾಂಕು ಅಥವಾ ಸರಬರಾಜುದಾರರು ಲಿಖಿತವಾಗಿ ಆಕ್ಷೇಪಿಸಿದರೆ 60 ದಿನದವರೆಗೆ ತಡೆಹಿಡಿಯುವ ಹಕ್ಕು, ಆ ಬಳಿಕವೂ ತೊಡಕು ಉಳಿದರೆ ಮುಂಗಡದ ಲೆಕ್ಕ ತೀರಿಸಿ ಹೊರಬರುವ ಹಕ್ಕು. ಬರಿಯ ಅನುಮಾನದ ಮೇಲೆ ಕರಾರು ಮುರಿಯುವ ಅಧಿಕಾರ ಕೇಳಿದರೆ ಒಳ್ಳೆಯ ಖರೀದಿದಾರರು ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ಹಣದ ಬಗ್ಗೆ ಇನ್ನೊಂದು ತೀರ್ಪು ಕಲಿಸುವುದು ಹೆಚ್ಚು. ಗಿನಿಯಿಂದ ಉಕ್ರೇನಿಗೆ ಬಾಕ್ಸೈಟ್ ಸಾಗಿಸುವ 2016ರ ಕರಾರಿನಲ್ಲಿ ಬಾಡಿಗೆಯನ್ನು ಡಾಲರಿನಲ್ಲಿ ಕೊಡಬೇಕೆಂದಿತ್ತು. 2018ರ ಏಪ್ರಿಲಿನಲ್ಲಿ, ಬಾಡಿಗೆ ಕೊಡಬೇಕಾಗಿದ್ದ ಆರ್‌ಟಿಐ ಕಂಪನಿಯ ಮಾತೃಸಂಸ್ಥೆ ಅಮೆರಿಕದ ಪಟ್ಟಿಗೆ ಸೇರಿತು. ಹಡಗಿನವರಾದ ಎಂಯುಆರ್ ಶಿಪ್ಪಿಂಗ್, ಇದು ತಮ್ಮ ಕೈಮೀರಿದ ಅಡಚಣೆಯೆಂದು ಹಡಗು ಕಳಿಸುವುದನ್ನು ನಿಲ್ಲಿಸಿತು. ಆರ್‌ಟಿಐ ಯೂರೋದಲ್ಲಿ ಕೊಡುತ್ತೇವೆ, ಪರಿವರ್ತನೆಯ ಖರ್ಚೂ ನಮ್ಮದೇ ಎಂದಿತು. ಎಂಯುಆರ್ ಅದನ್ನು ಒಪ್ಪಿಕೊಳ್ಳದ್ದು ಸರಿಯೇ ಎಂಬ ವ್ಯಾಜ್ಯ 2024ರ ಮೇ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅಡಚಣೆ ನಿವಾರಿಸಲು ಸೂಕ್ತ ಪ್ರಯತ್ನ ಮಾಡಬೇಕೆಂದ ಮಾತ್ರಕ್ಕೆ, ಕರಾರಿನಲ್ಲಿಲ್ಲದ ಬಗೆಯ ಪಾವತಿಯನ್ನು ಒಪ್ಪಬೇಕಾಗಿಲ್ಲ ಎಂದು ನ್ಯಾಯಾಲಯ ಎಂಯುಆರ್ ಪರವಾಗಿ ತೀರ್ಪಿತ್ತಿತು. ಮಾರಾಟಗಾರರಾಗಿ ನಿಮಗೆ ಹಣ ಬೇಕೋ ಹೊರಬರುವ ದಾರಿ ಬೇಕೋ ಎಂದು ಮೊದಲೇ ಯೋಚಿಸಿ ಬರೆಯಬೇಕು. ಹಣ ಬೇಕೆಂದರೆ ‘ಡಾಲರ್ ಪಾವತಿಗೆ ಅಡ್ಡಿಯಾದರೆ, ಕಾನೂನು ಅನುಮತಿಸುವ ಮಟ್ಟಿಗೆ, ಮಾರಾಟಗಾರರು ಸೂಚಿಸಿದ ಯೂರೋ, ದಿರ್ಹಮ್ ಅಥವಾ ರೂಪಾಯಿಯಲ್ಲಿ ಪಾವತಿಸತಕ್ಕದ್ದು’ ಎಂದು ಸೇರಿಸಬೇಕು. ಆಯ್ಕೆ ಮಾರಾಟಗಾರರದಾಗಿರಲಿ. ಮೂರನೆಯವರ ಖಾತೆಯಿಂದ ಬರುವ ಹಣವನ್ನು ಒಪ್ಪುವುದಿಲ್ಲ ಎಂಬುದೂ ಅಲ್ಲೇ ಇರಲಿ. ಕೊನೆಯ ಗಳಿಗೆಯಲ್ಲಿ ಬೇರೊಂದು ದೇಶದ, ಹೆಸರೇ ಕೇಳದ ಕಂಪನಿಯಿಂದ ಹಣ ಬಂದಿತೆಂದರೆ ಯಂತ್ರದ ನಿಜವಾದ ಯಜಮಾನರು ಅವರೇ ಇರಬಹುದು.

ಆರನೇ ಹೆಜ್ಜೆ: ಮಾತು ಮುರಿದರೆ ಏನು

12ಜಿ ವಿಧಿಯು ಉಲ್ಲಂಘನೆಗೆ ತಕ್ಕ ಪರಿಹಾರೋಪಾಯವೂ ಕರಾರಿನಲ್ಲಿ ಇರಬೇಕೆನ್ನುತ್ತದೆ. ಹಾಗಾಗಿ ಯುರೋಪಿನವರು ಶೇಕಡಾವಾರು ದಂಡ ಹಾಕುತ್ತಾರೆ. ಶಾರ್ಜಾದ ಕರಾರಿಗೆ ಭಾರತೀಯ ಕಾನೂನು ಹಿಡಿದಿದ್ದರೆ 74ನೇ ಕಲಮನ್ನು ಮರೆಯುವಂತಿಲ್ಲ: ಎಷ್ಟೇ ದೊಡ್ಡ ಮೊತ್ತ ಬರೆದರೂ ಅದು ಗರಿಷ್ಠ ಮಿತಿಯಷ್ಟೇ, ಅದರೊಳಗೆ ಸೂಕ್ತವೆನಿಸಿದ ಪರಿಹಾರ ಮಾತ್ರ ದೊರೆಯುತ್ತದೆ. ಆದ್ದರಿಂದ ಯಂತ್ರದ ಬೆಲೆಯ ಶೇ. 100 ಎಂದು ಗುಡುಗುವ ಬದಲು, ನಷ್ಟದ ಲೆಕ್ಕ ಹೇಗೆ ಬಂತೆಂದು ತೋರಿಸುವ ಶೇ. 25 ಉತ್ತಮ: ಬೇರಿಂಗ್ ಸರಬರಾಜುದಾರರಿಗೆ ಕಟ್ಟಬೇಕಾದ ದಂಡ, ಬದಲಿ ಬೇರಿಂಗ್ ಹುಡುಕುವ ಖರ್ಚು, ತನಿಖೆಗೆ ಕೊಡುವ ವಕೀಲರ ಶುಲ್ಕ ಎಂದು ಅನುಬಂಧದಲ್ಲಿ ಒಂದು ಸಣ್ಣ ಕೋಷ್ಟಕವಿದ್ದರೆ ಪಂಚಾಯ್ತಿಯಲ್ಲಿ ಅದು ನಿಲ್ಲುತ್ತದೆ.

ದಂಡಕ್ಕಿಂತ ಬಲವಾದದ್ದು ಯಂತ್ರದ ಮೇಲೆ ಉಳಿಯುವ ಹಿಡಿತ. ಶಾರ್ಜಾದವರಿಂದ 27,500 ಡಾಲರ್ ವಸೂಲು ಮಾಡಲು ವರ್ಷಗಳೇ ಬೇಕಾಗಬಹುದು. ವಾರಂಟಿ, ಬಿಡಿಭಾಗ, ಕಂಟ್ರೋಲರಿನ ತಂತ್ರಾಂಶದ ಪರವಾನಗಿ, ಸರ್ವೀಸ್ ಎಂಜಿನಿಯರ್ ಭೇಟಿ ಇವನ್ನೆಲ್ಲ ಅನುಬಂಧದ ವಿಳಾಸಕ್ಕೆ ಕಟ್ಟಿಹಾಕಿ, ವಿಳಾಸ ಬದಲಾದರೆ ಎಲ್ಲವೂ ಆ ಕ್ಷಣಕ್ಕೆ ನಿಲ್ಲುತ್ತವೆ ಎಂದು ಬರೆದರೆ ಕದ್ದು ಮಾರಿದ ಯಂತ್ರದ ಬೆಲೆಯೇ ಇಳಿಯುತ್ತದೆ. ಕೆಲವು ತಯಾರಕರು ಯಂತ್ರವನ್ನು ಸ್ಥಳಾಂತರಿಸಿದರೆ ತಾನಾಗಿ ಬೀಗ ಬೀಳುವ ಸಾಧನವನ್ನೂ ಅಳವಡಿಸುತ್ತಾರೆ. ಅದನ್ನು ಅಳವಡಿಸಿದ್ದರೆ ಕರಾರಿನಲ್ಲಿ ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಯಂತ್ರ ನಿಂತದ್ದಕ್ಕೆ ನೀವೇ ಪರಿಹಾರ ಕಟ್ಟಬೇಕಾದೀತು.

ಉಲ್ಲಂಘನೆ ಪತ್ತೆಯಾಗುವುದೂ ಸಾಮಾನ್ಯವಾಗಿ ಸರ್ವೀಸ್ ವಿಭಾಗದಲ್ಲಿಯೇ. ನಮ್ಮ ಉದಾಹರಣೆಯ ಯಂತ್ರ ಹೋದ ಏಳನೇ ತಿಂಗಳು ಒಂದು ಕರೆ ಬರುತ್ತದೆ ಎಂದಿಟ್ಟುಕೊಳ್ಳಿ: ಸ್ಪಿಂಡಲ್ ಶಬ್ದ ಮಾಡುತ್ತಿದೆ, ಬೇರಿಂಗ್ ಕಳಿಸಿ, ಎಂಜಿನಿಯರ್ ಬರುವುದು ಬೇಡ, ಭಾಗವನ್ನು ಮಧ್ಯ ಏಷ್ಯಾದ ಒಂದು ಊರಿಗೆ ಕೊರಿಯರ್ ಮಾಡಿ. ಕರೆ ತೆಗೆದುಕೊಂಡ ಹುಡುಗನಿಗೆ ಇದು ಮಾಮೂಲಿ ದೂರು. ಅವನ ಫಾರಂನಲ್ಲಿ ಯಂತ್ರದ ಕ್ರಮಸಂಖ್ಯೆ ಹಾಕಿದ ಕೂಡಲೇ ಕರಾರಿನ ವಿಳಾಸ ಕಾಣುವಂತಿದ್ದು, ಎರಡೂ ಹೊಂದದಿದ್ದರೆ ಬಿಡಿಭಾಗ ಹೊರಡದಂತೆ ತಡೆ ಇರಬೇಕು. ಆಮೇಲಿನ ಕ್ರಮ ಹೀಗೆ: ಅದೇ ದಿನ ವ್ಯಾಪಾರಿಗೆ ಲಿಖಿತ ಪ್ರಶ್ನೆ ಕಳಿಸಿ 7 ದಿನ ಕಾಯುವುದು, ಯಂತ್ರ ಈಗಿರುವ ಜಾಗದಲ್ಲಿ ಅದರ ಕ್ರಮಸಂಖ್ಯೆಯ ಫಲಕದ ಫೋಟೊ ಮತ್ತು ಆ ದೇಶದ ಆಮದು ದಾಖಲೆ ಕೇಳುವುದು, ಬೇರಿಂಗ್ ಸರಬರಾಜುದಾರರ ಕರಾರು ತಕ್ಷಣ ತಿಳಿಸಬೇಕೆಂದಿದ್ದರೆ ಉತ್ತರಕ್ಕೆ ಕಾಯದೆ ಅವರಿಗೂ ತಿಳಿಸುವುದು. ಯಂತ್ರ ಸ್ಕೋಮೆಟ್ ಅನುಮತಿಯ ಮೇಲೆ ಹೋಗಿದ್ದರೆ ಡಿಜಿಎಫ್‌ಟಿಗೂ ಬರೆಯಬೇಕು. ಮುಚ್ಚಿಟ್ಟುಕೊಂಡು ಆಮೇಲೆ ಸಿಕ್ಕಿಬಿದ್ದವರ ಸ್ಥಿತಿಗಿಂತ ತಾವಾಗಿ ತಿಳಿಸಿದವರ ಸ್ಥಿತಿ ಎಲ್ಲ ಕಡೆಯೂ ಹಗುರ.

ಕೊನೆಯದಾಗಿ ವ್ಯಾಜ್ಯ ಎಲ್ಲಿ ನಡೆಯಬೇಕೆಂಬ ಷರತ್ತು. ಇದನ್ನು ಕರಾರಿನ ಬಾಲದಲ್ಲಿ ಹಳೆಯ ನಮೂನೆಯಿಂದ ಹಾಗೆಯೇ ತೆಗೆದು ಹಾಕುವ ಅಭ್ಯಾಸವಿದೆ. ಮೇಲೆ ಹೇಳಿದ 32, 35, 65 ಮತ್ತು 74ನೇ ಕಲಮುಗಳ ಲೆಕ್ಕವೆಲ್ಲ ಭಾರತೀಯ ಕಾನೂನು ಅನ್ವಯವಾದಾಗ ಮಾತ್ರ. ಇಂಗ್ಲಿಷ್ ಕಾನೂನು ಎಂದು ಬರೆದರೆ ಎಂಯುಆರ್ ತೀರ್ಪಿನ ದಾರಿಯಲ್ಲಿ ನಡೆಯಬೇಕು. ಹಾಗಾಗಿ ಮೊದಲು ಈ ಸಾಲನ್ನು ತೀರ್ಮಾನಿಸಿ, ಆಮೇಲೆ ಹಿಂದಕ್ಕೆ ಹೋಗಿ ಮೂರು, ಐದು ಮತ್ತು ಆರನೇ ಹೆಜ್ಜೆಗಳ ಷರತ್ತುಗಳನ್ನು ಅದಕ್ಕೆ ಹೊಂದುವಂತೆ ಇನ್ನೊಮ್ಮೆ ಓದಿ ತಿದ್ದಬೇಕು. ವ್ಯಾಪಾರಿ ತಮ್ಮ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ಬೇರೆಯೇ ಕಾನೂನು, ಬೇರೆಯೇ ನ್ಯಾಯಾಲಯ ಅಚ್ಚು ಹಾಕಿಸಿರುತ್ತಾರೆ. ಅದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಮೊಹರು ಒತ್ತುವ ಮುನ್ನ, ಎರಡೂ ಕಾಗದಗಳಲ್ಲಿ ಭಿನ್ನತೆ ಬಂದರೆ ಮಾರಾಟಗಾರರ ಕರಾರೇ ಮೇಲು ಎಂಬ ಸಾಲಿಗೆ ಅವರ ಸಹಿ ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು.